ಗಲ್ಲಿನ ತೀರ್ಪು ಅಂತಿಮವಾಗುವುದು ಯಾವಾಗ?

ಕರ್ನಾಟಕದಲ್ಲಿ ಗಲ್ಲು ಶಿಕ್ಷೆಯ ಮಾತು ಬಂದಾಗಲೆಲ್ಲ ಥಟ್ಟನೆ ನೆನಪಾಗುವ ಹೆಸರು ಬಿ.ಎ. ಉಮೇಶ್. ಪತ್ರಿಕೆಗಳಲ್ಲಿ ಉಮೇಶ್ ರೆಡ್ಡಿ ಎಂದೇ ಪರಿಚಿತ. 1998ರ ಫೆಬ್ರುವರಿ 28ರಂದು ಬೆಂಗಳೂರಿನ ಪೀಣ್ಯ ಠಾಣೆ ವ್ಯಾಪ್ತಿಯ ಮನೆಯೊಂದರಲ್ಲಿ ವಿಧವೆಯೊಬ್ಬರ ಮೇಲೆ ಅತ್ಯಾಚಾರ ನಡೆಸಿ, ಕೊಲೆ ಮಾಡಿ, ಮನೆಯಲ್ಲಿದ್ದುದನ್ನು ದೋಚಿದ ಪ್ರಕರಣ ಅದು. ಹೊರಗೆ ಆಡಲು ಹೋಗಿದ್ದ ಮಗ ಮನೆಗೆ ಬಂದಾಗ ಅಪರಿಚಿತನೊಬ್ಬ ಎದುರಾದ. ನಿನ್ನ ತಾಯಿಗೆ ದೆವ್ವ ಹಿಡಿದಿದೆ, ಡಾಕ್ಟರನ್ನು ಕರೆತರುತ್ತೇನೆ ಎಂದು ಹೇಳಿ ಚೀಲದೊಂದಿಗೆ ಹೊರಟುಹೋದ. ಮುಂದೆ ಆ ಹುಡುಗನೇ ಮುಖ್ಯ ಸಾಕ್ಷಿಯಾದ. ಬೀರುವಿನ ಹಿಡಿಯ ಮೇಲಿದ್ದ ಬೆರಳಚ್ಚು ಆರೋಪಿಯ ಬೆರಳಚ್ಚಿನೊಂದಿಗೆ ತಾಳೆಯಾಯಿತು. ಆರೋಪಿ ಅರೆಸೇನಾ ಪಡೆಯಲ್ಲೂ ಪೊಲೀಸ್ ಇಲಾಖೆಯಲ್ಲೂ ಕೆಲಸ ಮಾಡಿದ್ದವನು. ಅವನ ಮೇಲೆ ಇದೇ ಬಗೆಯ ಬೇರೆ ಪ್ರಕರಣಗಳೂ ಇದ್ದವು.

2006ರ ಅಕ್ಟೋಬರಿನಲ್ಲಿ ಬೆಂಗಳೂರಿನ ತ್ವರಿತ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಸುದ್ದಿ ಓದಿದ ಹಲವರಿಗೆ ಸಿಟ್ಟು ಬಂದಿತ್ತು, ಅದು ಸಹಜ. ಆದರೆ ಅವನು ನಿರಪರಾಧಿ ಎಂದಾಗಲಿ, ಅಪರಾಧ ಅಷ್ಟೇನೂ ಘೋರವಲ್ಲ ಎಂದಾಗಲಿ ನ್ಯಾಯಾಲಯ ಹೇಳಿರಲಿಲ್ಲ. ತಪ್ಪು ನಡೆದದ್ದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ, ಸರ್ಕಾರದ ಕಡೆಯಿಂದ. ಆ ತಪ್ಪು ಏನೆಂದು ತಿಳಿಯಬೇಕಾದರೆ, ನಮ್ಮ ಕಾನೂನಿನಲ್ಲಿ ಒಬ್ಬ ಮನುಷ್ಯನ ಮೇಲಿನ ಮರಣದಂಡನೆ ಯಾವ ದಿನದಿಂದ ನಿಜವಾಗಿ ಜಾರಿಗೆ ಯೋಗ್ಯವಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಆ ದಿನ ನಾವು ಅಂದುಕೊಳ್ಳುವುದಕ್ಕಿಂತ ಬಹಳ ತಡವಾಗಿ ಬರುತ್ತದೆ.

ಸೆಷನ್ಸ್ ನ್ಯಾಯಾಲಯದಲ್ಲಿ ಎರಡು ವಿಚಾರಣೆ

ಕೊಲೆಗೆ ಜೀವಾವಧಿಯೇ ಸಾಮಾನ್ಯ ಶಿಕ್ಷೆ, ಮರಣದಂಡನೆ ಅಪವಾದ. 1973ರ ದಂಡ ಪ್ರಕ್ರಿಯಾ ಸಂಹಿತೆ ಈ ಕ್ರಮವನ್ನು ಖಚಿತಪಡಿಸಿತು. ಗಲ್ಲು ವಿಧಿಸುವ ನ್ಯಾಯಾಧೀಶರು ಅದಕ್ಕೆ ವಿಶೇಷ ಕಾರಣಗಳನ್ನು ಬರೆಯಲೇಬೇಕು. ಈಗ ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಮಾತು ಹಾಗೇ ಇದೆ.

ಆರೋಪಿ ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೆ ಶಿಕ್ಷೆಯ ಬಗ್ಗೆಯೇ ಮತ್ತೊಂದು ವಿಚಾರಣೆ ನಡೆಯಬೇಕು. ಮೊದಲನೆಯದು ಕೃತ್ಯವನ್ನು ಯಾರು ಮಾಡಿದರು ಎಂಬುದರ ಬಗ್ಗೆ. ಎರಡನೆಯದು ಮಾಡಿದವನು ಎಂಥವನು, ಅವನನ್ನು ಏನು ಮಾಡಬೇಕು ಎಂಬುದರ ಬಗ್ಗೆ. ನಮ್ಮಲ್ಲಿ ಎಡವಟ್ಟು ಹೆಚ್ಚಾಗಿ ಆಗುವುದು ಈ ಎರಡನೆಯ ವಿಚಾರಣೆಯಲ್ಲಿ. ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ ಬೆಳಿಗ್ಗೆ ದೋಷಿ ಎಂದು ಘೋಷಿಸಿ ಮಧ್ಯಾಹ್ನ ಅಥವಾ ಮರುದಿನ ಶಿಕ್ಷೆ ಪ್ರಕಟಿಸಿಬಿಟ್ಟ ಉದಾಹರಣೆಗಳು ಬೇಕಾದಷ್ಟಿವೆ. ವಕೀಲರು ಎದ್ದು ನಿಂತು, ಕಕ್ಷಿದಾರನಿಗೆ ವಯಸ್ಸಾದ ತಂದೆತಾಯಿ ಇದ್ದಾರೆ, ಚಿಕ್ಕ ಮಕ್ಕಳಿದ್ದಾರೆ, ಕರುಣೆ ತೋರಬೇಕು ಎಂದು ನಾಲ್ಕು ಮಾತಾಡಿ ಕುಳಿತರೆ ಅಲ್ಲಿಗೆ ಮುಗಿಯಿತು. ಆ ನಾಲ್ಕು ಮಾತಿನ ಹಿಂದೆ ದಾಖಲೆ ಇರುವುದಿಲ್ಲ, ಸಾಕ್ಷಿ ಇರುವುದಿಲ್ಲ.

ಈ ಎರಡನೆಯ ವಿಚಾರಣೆಗೆ ಅಳತೆಗೋಲು ಸಿಕ್ಕಿದ್ದು 1980ರ ಮೇ 9ರಂದು, ಬಚ್ಚನ್ ಸಿಂಗ್ ಪ್ರಕರಣದಲ್ಲಿ. ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ನಾಲ್ವರು ಮರಣದಂಡನೆ ಸಂವಿಧಾನಬದ್ಧ ಎಂದರು. ಪಿ.ಎನ್. ಭಗವತಿ ಒಬ್ಬರೇ ಅದನ್ನು ಒಪ್ಪಲಿಲ್ಲ. ಬಹುಮತದ ತೀರ್ಪು ಶಿಕ್ಷೆಯನ್ನು ಉಳಿಸಿತಾದರೂ ಬಾಗಿಲನ್ನು ಬಹಳ ಕಿರಿದು ಮಾಡಿತು. ಅಪರೂಪದಲ್ಲಿ ಅಪರೂಪದ ಪ್ರಕರಣದಲ್ಲಿ ಮಾತ್ರ, ಅದೂ ಜೀವಾವಧಿ ಎಂಬ ಪರ್ಯಾಯಕ್ಕೆ ಯಾವ ಪ್ರಶ್ನೆಯೂ ಇಲ್ಲದಂತೆ ದಾರಿ ಮುಚ್ಚಿದ್ದರೆ ಮಾತ್ರ, ಗಲ್ಲು ವಿಧಿಸಬಹುದು ಎಂದಿತು.

ಈ ಮಾತಿನ ಮೊದಲರ್ಧ ಎಲ್ಲರ ಬಾಯಲ್ಲೂ ಇದೆ. ಎರಡನೆಯ ಅರ್ಧವನ್ನು ಕೆಲವೊಮ್ಮೆ ನ್ಯಾಯಾಲಯಗಳೇ ಮರೆಯುತ್ತವೆ. ಟಿ.ವಿ. ಚರ್ಚೆಗಳಲ್ಲಿ ಅಪರೂಪ ಎಂದರೆ ಅತಿ ಕ್ರೂರ ಎಂದಷ್ಟೇ ಅರ್ಥ. ಬಚ್ಚನ್ ಸಿಂಗ್ ತೀರ್ಪು ಅಪರಾಧದಷ್ಟೇ ಅಪರಾಧಿಯನ್ನೂ ನೋಡಿ ಎನ್ನುತ್ತದೆ. ಅವನ ವಯಸ್ಸೆಷ್ಟು, ಯಾವ ಮಾನಸಿಕ ಒತ್ತಡದಲ್ಲಿದ್ದ, ಇನ್ನೊಬ್ಬರ ಹಿಡಿತದಲ್ಲಿ ಆ ಕೆಲಸ ಮಾಡಿದನೇ, ಮತ್ತೆ ಸಮಾಜಕ್ಕೆ ಅಪಾಯವಾಗುವ ಸಂಭವ ಇದೆಯೇ, ತಿದ್ದಿಕೊಳ್ಳಬಲ್ಲನೇ ಎಂಬುದೆಲ್ಲ ಲೆಕ್ಕಕ್ಕೆ ಬರಬೇಕು. ಅವನು ತಿದ್ದಿಕೊಳ್ಳಲಾರ ಎಂಬುದನ್ನು ಸಾಕ್ಷ್ಯದ ಮೂಲಕ ತೋರಿಸುವ ಹೊಣೆ ಸರ್ಕಾರದ್ದು. ತಿದ್ದಿಕೊಳ್ಳಬಲ್ಲೆ ಎಂದು ಆರೋಪಿ ರುಜುವಾತು ಮಾಡಬೇಕಾಗಿಲ್ಲ.

ಉಮೇಶ್ ಪ್ರಕರಣದಲ್ಲಿ ಇದಕ್ಕೆ ಸಿಕ್ಕ ಉತ್ತರವೇನು? 2011ರ ಫೆಬ್ರುವರಿ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವನ ಪೂರ್ವಚರಿತ್ರೆ ಮತ್ತು ನಂತರದ ನಡವಳಿಕೆ ನೋಡಿ, ಅವನು ಸಮಾಜಕ್ಕೆ ಕಂಟಕ, ಸುಧಾರಣೆಗೆ ಒಗ್ಗದವನು ಎಂಬ ತೀರ್ಮಾನಕ್ಕೆ ಬಂತು. ಒಂದಾದ ಮೇಲೊಂದು ಪ್ರಕರಣದಲ್ಲಿ ಹೆಸರು ಕೇಳಿಬಂದವನ ಬಗ್ಗೆ ಆ ಮಾತು ಹುರುಳಿಲ್ಲದ್ದೇನೂ ಅಲ್ಲ. ಆದರೆ ಜೈಲಿನಲ್ಲಿ ಅವನು ಹೇಗಿದ್ದಾನೆ, ಮನೋವೈದ್ಯರು ಏನೆನ್ನುತ್ತಾರೆ ಎಂಬ ವರದಿಯನ್ನು ನ್ಯಾಯಾಲಯ ತಾನಾಗಿ ತರಿಸಿಕೊಳ್ಳುವ ಪದ್ಧತಿ ಆ ಕಾಲಕ್ಕೆ ಬೇರೂರಿರಲಿಲ್ಲ. 2022ರ ಮೇ 20ರಂದು ಮಧ್ಯಪ್ರದೇಶದ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಿಚಾರಣಾ ನ್ಯಾಯಾಲಯದ ಹಂತದಿಂದಲೇ ಕಡ್ಡಾಯ ಮಾಡಿತು. ಆರೋಪಿಯ ಬಾಲ್ಯ, ಓದು, ಮನೆಯ ಸ್ಥಿತಿ, ಮಾನಸಿಕ ಆರೋಗ್ಯದ ವಿವರಗಳನ್ನು ಸರ್ಕಾರವೇ ಸಂಗ್ರಹಿಸಿ ಕೊಡಬೇಕು. ಜೈಲಿನಲ್ಲಿ ಅವನ ನಡತೆ, ಮಾಡಿದ ಕೆಲಸದ ಬಗ್ಗೆ ಜೈಲಿನ ಅಧಿಕಾರಿಗಳಿಂದ ವರದಿ ಬರಬೇಕು.

ಕಾಗದದಲ್ಲಿ ಬರುವ ಇಂಥ ವರದಿ ಎಷ್ಟು ತೂಗುತ್ತದೆ ಎಂಬುದಕ್ಕೆ ಬಳ್ಳಾರಿ ಜಿಲ್ಲೆ ಕಂಪ್ಲಿಯ ಪ್ರಕರಣ ನೋಡಿ. 2017ರಲ್ಲಿ ಒಬ್ಬ ತನ್ನ ಹೆಂಡತಿ, ಅವಳ ತಂಗಿ ಮತ್ತು ಮೂವರು ಮಕ್ಕಳನ್ನು ಕೊಚ್ಚಿ ಕೊಂದ. ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು. 2023ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ದೃಢಪಡಿಸಿತು. 2025ರಲ್ಲಿ ಸುಪ್ರೀಂ ಕೋರ್ಟ್ ಅಪರಾಧವನ್ನು ಎತ್ತಿಹಿಡಿದು, ಶಿಕ್ಷೆಯನ್ನು ಮಾತ್ರ ಬದುಕಿನ ಕೊನೆಯುಸಿರಿನವರೆಗೂ ಬಿಡುಗಡೆಯಿಲ್ಲದ ಸೆರೆವಾಸಕ್ಕೆ ಬದಲಿಸಿತು. ಕೃತ್ಯದ ಕ್ರೌರ್ಯ ಮೂರೂ ನ್ಯಾಯಾಲಯಗಳಲ್ಲಿ ಒಂದೇ ಆಗಿತ್ತು. ಹಿಂದೆ ಯಾವ ಅಪರಾಧವೂ ಇಲ್ಲದಿದ್ದದ್ದು, ಜೈಲಿನಲ್ಲಿನ ನಡತೆ ಮುಂತಾದ ವರದಿಯ ವಿವರಗಳು ಕೊನೆಯ ನ್ಯಾಯಾಲಯದಲ್ಲಿ ತಕ್ಕಡಿಯನ್ನು ಬಾಗಿಸಿದವು.

ದೃಢೀಕರಣ: ಮೇಲ್ಮನವಿಯೇ ಬೇರೆ, ಇದೇ ಬೇರೆ

ಈಗ ಹೈಕೋರ್ಟಿಗೆ ಬರೋಣ. ಸೆಷನ್ಸ್ ನ್ಯಾಯಾಧೀಶರು ಜೀವಾವಧಿ ವಿಧಿಸಿದರೆ ಆ ಶಿಕ್ಷೆ ಅಂದಿನಿಂದಲೇ ನಡೆಯುತ್ತದೆ. ಬೇಡವೆಂದರೆ ಕೈದಿ ಮೇಲ್ಮನವಿ ಹಾಕಿಕೊಳ್ಳಬೇಕು. ಗಲ್ಲು ವಿಧಿಸಿದರೆ ಹಾಗಲ್ಲ. ಹೈಕೋರ್ಟ್ ದೃಢಪಡಿಸುವವರೆಗೆ ಅದನ್ನು ಜಾರಿ ಮಾಡುವಂತಿಲ್ಲ. ಸೆಷನ್ಸ್ ನ್ಯಾಯಾಧೀಶರೇ ಇಡೀ ಕಡತವನ್ನು ಹೈಕೋರ್ಟಿಗೆ ಕಳುಹಿಸಬೇಕು. ಅಲ್ಲಿ ಅದು ಕ್ರಿಮಿನಲ್ ರೆಫರ್ಡ್ ಕೇಸ್ ಎಂದು ದಾಖಲಾಗುತ್ತದೆ. ಕೈದಿ ಮೇಲ್ಮನವಿ ಹಾಕದಿದ್ದರೂ, ನನಗೆ ಯಾವ ಮೇಲ್ಮನವಿಯೂ ಬೇಡ, ಗಲ್ಲಿಗೇರಿಸಿಬಿಡಿ ಎಂದು ಬರೆದುಕೊಟ್ಟರೂ ಹೈಕೋರ್ಟಿನ ಈ ಕೆಲಸ ತಪ್ಪುವುದಿಲ್ಲ.

ಇಲ್ಲಿ ಹೈಕೋರ್ಟ್ ಕೆಳಗಿನ ತೀರ್ಪಿನಲ್ಲಿ ತಪ್ಪು ಹುಡುಕುವುದಷ್ಟಕ್ಕೇ ನಿಲ್ಲುವುದಿಲ್ಲ. ಸಾಕ್ಷ್ಯವನ್ನೆಲ್ಲ ಮೊದಲಿನಿಂದ ಓದಿ ತಾನೇ ಒಂದು ತೀರ್ಮಾನಕ್ಕೆ ಬರಬೇಕು. ಬೇಕೆನಿಸಿದರೆ ಹೆಚ್ಚಿನ ಸಾಕ್ಷ್ಯ ತರಿಸಬಹುದು, ಮರುವಿಚಾರಣೆಗೆ ಆದೇಶಿಸಬಹುದು, ಬೇರೆ ಅಪರಾಧಕ್ಕೆ ದೋಷಿ ಎನ್ನಬಹುದು, ಕಡಿಮೆ ಶಿಕ್ಷೆ ಕೊಡಬಹುದು, ಪೂರ್ತಿ ಖುಲಾಸೆಯನ್ನೂ ಮಾಡಬಹುದು. ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಮೇಲ್ಮನವಿ ಬಂದಿದ್ದರೆ ಅದು ಇತ್ಯರ್ಥವಾಗುವವರೆಗೆ, ದೃಢೀಕರಣದ ಆದೇಶ ಕೊಡುವಂತಿಲ್ಲ. ಆದೇಶಕ್ಕೆ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಸಹಿ ಬೇಕು. ಆ ಇಬ್ಬರಲ್ಲಿ ಒಮ್ಮತವಿಲ್ಲದಿದ್ದರೆ ಕಡತ ಮೂರನೆಯವರ ಮುಂದೆ ಹೋಗುತ್ತದೆ.

ಉಮೇಶ್ ಪ್ರಕರಣದಲ್ಲಿ ಆದದ್ದು ಇದೇ. 2007ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠದ ಇಬ್ಬರೂ ಅವನು ತಪ್ಪಿತಸ್ಥನೆಂದು ಒಪ್ಪಿದರು. ಶಿಕ್ಷೆಯಲ್ಲಿ ಮಾತ್ರ ದಾರಿ ಕವಲೊಡೆಯಿತು. ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಜೀವಾವಧಿ ಸಾಕು ಎಂದರು. ಮೂರನೆಯ ನ್ಯಾಯಮೂರ್ತಿ ಕಡತ ಓದಿ 2009ರಲ್ಲಿ ಗಲ್ಲಿನ ಪರ ನಿಂತರು.

ನಿಜ ಹೇಳಬೇಕೆಂದರೆ, ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದು. ಅನುಭವಿ ನ್ಯಾಯಮೂರ್ತಿಯೊಬ್ಬರು ಇಡೀ ಸಾಕ್ಷ್ಯ ನೋಡಿ, ಅಪರಾಧ ಒಪ್ಪಿ, ಗಲ್ಲು ಬೇಡ ಎಂದಿದ್ದಾರೆ. ಹಾಗಿದ್ದ ಮೇಲೆ ಜೀವಾವಧಿಯ ದಾರಿಗೆ ಯಾವ ಪ್ರಶ್ನೆಯೂ ಇಲ್ಲದಂತೆ ಬೀಗ ಬಿದ್ದಿದೆ ಎನ್ನಲು ಬರುತ್ತದೆಯೇ? ಕಾನೂನು ಬಹುಮತದ ಲೆಕ್ಕವನ್ನು ಒಪ್ಪುತ್ತದೆ. ಜಮೀನಿನ ವ್ಯಾಜ್ಯದಲ್ಲಿ ಅದು ಸರಿ. ಪ್ರಾಣದ ವಿಷಯದಲ್ಲಿ ಒಂದು ಭಿನ್ನಮತವೇ ಗಲ್ಲನ್ನು ತಡೆಯಬೇಕು ಎಂಬುದು ನನ್ನ ಅಭಿಪ್ರಾಯ.

ಇಂಥ ಒಡಕು ಕರ್ನಾಟಕದ ಮತ್ತೊಂದು ಪ್ರಕರಣದಲ್ಲೂ ಆಗಿತ್ತು. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತಿಟ್ಟ ಸ್ವಾಮಿ ಶ್ರದ್ಧಾನಂದನಿಗೆ ಸೆಷನ್ಸ್ ನ್ಯಾಯಾಲಯ ಗಲ್ಲು ಕೊಟ್ಟಿತ್ತು, ಹೈಕೋರ್ಟ್ ದೃಢಪಡಿಸಿತ್ತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು, ಇನ್ನೊಬ್ಬರು ಜೀವಾವಧಿ ಎಂದಾಗ ಅದು ಮೂವರ ಪೀಠಕ್ಕೆ ಹೋಯಿತು. 2008ರಲ್ಲಿ ಆ ಪೀಠ ಬಹಳ ಪ್ರಾಮಾಣಿಕವಾಗಿ ಒಂದು ಮಾತನ್ನು ಒಪ್ಪಿಕೊಂಡಿತು. ಮರಣದಂಡನೆ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಪೀಠದಲ್ಲಿ ಕುಳಿತ ನ್ಯಾಯಮೂರ್ತಿಗಳ ಒಲವನ್ನು ಅವಲಂಬಿಸಿದೆ ಎಂಬುದೇ ಆ ಮಾತು. ಹದಿನಾಲ್ಕು ವರ್ಷಕ್ಕೆ ಬಿಡುಗಡೆಯಾಗಿಬಿಡುತ್ತಾನೆ ಎಂಬ ಅಂಜಿಕೆಯಿಂದ ನ್ಯಾಯಾಧೀಶರು ಗಲ್ಲಿನತ್ತ ವಾಲುವುದನ್ನು ತಪ್ಪಿಸಲು ಅದೇ ತೀರ್ಪು ನಡುವಿನದೊಂದು ದಾರಿ ತೆರೆಯಿತು. ಸಾಯುವವರೆಗೂ, ಇಲ್ಲವೇ ನ್ಯಾಯಾಲಯ ಹೇಳಿದಷ್ಟು ವರ್ಷ, ಶಿಕ್ಷೆಯಲ್ಲಿ ಕಡಿತವಿಲ್ಲದ ಸೆರೆವಾಸ ಅದು. 2015ರಲ್ಲಿ ಐವರ ಪೀಠವೂ ಇದನ್ನು ಒಪ್ಪಿತು. ಇವತ್ತು ಗಲ್ಲು ತಪ್ಪಿದವರಲ್ಲಿ ಬಹಳಷ್ಟು ಮಂದಿ ಹೊರಗೆ ಬರುವುದಿಲ್ಲ, ಈ ಬೆಂಗಳೂರು ಪ್ರಕರಣದಿಂದ ಹುಟ್ಟಿದ ಶಿಕ್ಷೆಗೆ ಹೋಗುತ್ತಾರೆ. ಗಲ್ಲು ತಪ್ಪಿತೆಂದರೆ ಬಿಡುಗಡೆಯಾಯಿತು ಎಂದು ತಿಳಿಯುವವರು ಇದನ್ನು ಗಮನಿಸಬೇಕು.

ರಾಷ್ಟ್ರಪತಿಗಳ ಮುಂದೆ

ಹೈಕೋರ್ಟಿನ ನಂತರ ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ, ಆಮೇಲೆ ಪುನರ್‌ಪರಿಶೀಲನಾ ಅರ್ಜಿ. ಹಿಂದೆ ಈ ಅರ್ಜಿಯನ್ನು ನ್ಯಾಯಮೂರ್ತಿಗಳು ತಮ್ಮ ಕೊಠಡಿಯಲ್ಲೇ ಓದಿ ವಜಾ ಮಾಡುತ್ತಿದ್ದರು. ಗಲ್ಲಿನ ಪ್ರಕರಣಗಳಲ್ಲಿ ಮೂವರ ಪೀಠ ತೆರೆದ ನ್ಯಾಯಾಲಯದಲ್ಲಿ ವಕೀಲರ ವಾದ ಕೇಳಲೇಬೇಕೆಂದು 2014ರಲ್ಲಿ ತೀರ್ಮಾನವಾಯಿತು. ಉಮೇಶನ ಅರ್ಜಿಯನ್ನೂ ಹಾಗೆ ಮತ್ತೊಮ್ಮೆ ಕೇಳಿ 2016ರಲ್ಲಿ ವಜಾ ಮಾಡಲಾಯಿತು.

ಅಷ್ಟರಲ್ಲಿ ಅವನ ಕ್ಷಮಾದಾನ ಅರ್ಜಿ 2013ರ ಮೇ ತಿಂಗಳಲ್ಲೇ ತಿರಸ್ಕೃತವಾಗಿತ್ತು. ಸಂವಿಧಾನದ 161ನೇ ವಿಧಿ ರಾಜ್ಯಪಾಲರಿಗೂ 72ನೇ ವಿಧಿ ರಾಷ್ಟ್ರಪತಿಗೂ ಈ ಅಧಿಕಾರ ಕೊಡುತ್ತವೆ. ಇಬ್ಬರೂ ಸಚಿವ ಸಂಪುಟದ ಸಲಹೆಯಂತೆಯೇ ನಡೆಯಬೇಕು. ಹಾಗಾಗಿ ರಾಷ್ಟ್ರಪತಿ ಭವನದ ಸಹಿಯ ಹಿಂದೆ ಗೃಹ ಸಚಿವಾಲಯದ ಕಡತ ಇರುತ್ತದೆ. ತೀರ್ಪು ತಪ್ಪು ಎಂದು ವಾದಿಸುವ ಜಾಗ ಇದೊಂದೇ ಅಲ್ಲ. ನ್ಯಾಯಾಲಯದ ಚೌಕಟ್ಟಿಗೆ ಒಗ್ಗದ ಸಂಗತಿಗಳನ್ನೂ ಇಲ್ಲಿ ಹೇಳಿಕೊಳ್ಳಬಹುದು. ಕೈದಿಯ ಕಾಯಿಲೆ, ವಯಸ್ಸು, ಜೈಲಿನಲ್ಲಿ ಆತ ಬದಲಾದ ಬಗೆ, ಸಾಕ್ಷ್ಯದ ಬಗ್ಗೆ ಉಳಿದುಹೋದ ಸಂಶಯ, ಅರ್ಜಿಯ ಮೇಲೆ ಕೂತ ವರ್ಷಗಳು ಎಲ್ಲವೂ ಸಲ್ಲುತ್ತವೆ.

ಆ ವರ್ಷಗಳ ವಿಷಯದಲ್ಲೂ ಕರ್ನಾಟಕಕ್ಕೆ ನೇರ ನಂಟಿದೆ. 1993ರಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸ್ಫೋಟಿಸಿ 22 ಮಂದಿಯನ್ನು ಕೊಂದಿತು. ಮೈಸೂರಿನ ವಿಶೇಷ ಟಾಡಾ ನ್ಯಾಯಾಲಯ ಅವನ ನಾಲ್ವರು ಸಹಚರರಿಗೆ 2001ರಲ್ಲಿ ಜೀವಾವಧಿ ವಿಧಿಸಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಅದನ್ನು ಗಲ್ಲಿಗೆ ಏರಿಸಿತು. ಟಾಡಾ ಪ್ರಕರಣಗಳಲ್ಲಿ ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗುತ್ತಿದ್ದುದರಿಂದ ಹೈಕೋರ್ಟಿನ ಜರಡಿ ಅವರಿಗೆ ಸಿಗಲಿಲ್ಲ. ಅವರ ಕ್ಷಮಾದಾನ ಅರ್ಜಿ ತಿರಸ್ಕೃತವಾದದ್ದು 2013ರ ಫೆಬ್ರುವರಿಯಲ್ಲಿ, ಅಂದರೆ ಸುಮಾರು ಒಂಬತ್ತು ವರ್ಷ ತಡವಾಗಿ.

2014ರ ಜನವರಿ 21ರಂದು ಶತ್ರುಘ್ನ ಚೌಹಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ನಾಲ್ವರೂ ಸೇರಿ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ನಾಳೆ ಕರೆಯುತ್ತಾರೋ ನಾಡಿದ್ದು ಕರೆಯುತ್ತಾರೋ ಎಂಬ ನಿರೀಕ್ಷೆಯಲ್ಲಿ, ಸರ್ಕಾರದ ಸೋಮಾರಿತನದಿಂದ ಒಬ್ಬನನ್ನು ವರ್ಷಗಟ್ಟಲೆ ಕೂಡಿಹಾಕುವುದು ಚಿತ್ರಹಿಂಸೆ ಎಂಬುದು ಅದರ ತಿರುಳು. ಕ್ಷಮಾದಾನ ತಿರಸ್ಕೃತವಾದದ್ದನ್ನು ಕೈದಿಗೂ ಮನೆಯವರಿಗೂ ಬರವಣಿಗೆಯಲ್ಲಿ ತಿಳಿಸಬೇಕು, ತಿಳಿಸಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನ ಬಿಡಬೇಕು, ಉಚಿತ ಕಾನೂನು ನೆರವು ಕೊಡಬೇಕು, ಮಾನಸಿಕ ಆರೋಗ್ಯ ಪರೀಕ್ಷಿಸಬೇಕು, ಕೊನೆಯ ಭೇಟಿಗೆ ಅವಕಾಶ ಮಾಡಬೇಕು ಎಂದೂ ಅದೇ ತೀರ್ಪು ಹೇಳಿತು. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ಗಲ್ಲಿಗೇರಿಸಿ ಜೈಲಿನೊಳಗೇ ಹೂಳಿದ ಉದಾಹರಣೆ ಅದಕ್ಕೆ ಒಂದು ವರ್ಷ ಹಿಂದೆ ತಿಹಾರದಲ್ಲಿ ನಡೆದಿತ್ತು.

ಉಮೇಶನ ವಕೀಲರೂ ವಿಳಂಬದ ವಾದ ಎತ್ತಿದರು. ಅದು ನಿಲ್ಲಲಿಲ್ಲ. 2011ರಲ್ಲಿ ಸಲ್ಲಿಸಿದ ಅರ್ಜಿ 2013ರಲ್ಲಿ ಇತ್ಯರ್ಥವಾಗಿತ್ತು. ಎರಡು ವರ್ಷ ಚಿಲ್ಲರೆ ಸಮಯವನ್ನು ಅತಿ ವಿಳಂಬ ಎನ್ನಲಾಗದು ಎಂದಿತು ಸುಪ್ರೀಂ ಕೋರ್ಟ್.

ಹಿಂಡಲಗಾದ ಒಂಟಿ ಸೆಲ್ಲು

ಉಳಿದದ್ದು ಇನ್ನೊಂದು ವಾದ. 2006ರಲ್ಲಿ ಸೆಷನ್ಸ್ ತೀರ್ಪು ಬಂದ ಮೇಲೆ ಅವನನ್ನು ಬೆಳಗಾವಿಗೆ ಸಾಗಿಸಿ ಒಂಟಿ ಸೆಲ್ಲಿನಲ್ಲಿ ಇಟ್ಟರು. 2016ರವರೆಗೆ, ಅಂದರೆ ಹತ್ತು ವರ್ಷ, ಹಾಗೆಯೇ ಇಟ್ಟರು. ಜೈಲಿನವರ ಲೆಕ್ಕ ಸರಳವಾಗಿತ್ತು. 1894ರ ಕಾರಾಗೃಹ ಕಾಯ್ದೆಯ 30ನೇ ಕಲಮು ಮರಣದಂಡನೆಗೆ ಗುರಿಯಾದ ಕೈದಿಯನ್ನು ಉಳಿದವರಿಂದ ಬೇರೆ ಇಡಬೇಕು ಎನ್ನುತ್ತದೆ. ಇವನಿಗೆ ಗಲ್ಲಾಗಿದೆ, ಆದ್ದರಿಂದ ಬೇರೆ ಇಟ್ಟಿದ್ದೇವೆ ಎಂಬುದು ಅವರ ನಿಲುವು.

ಈ ಲೆಕ್ಕ ತಪ್ಪು ಎಂದು 1978ರಲ್ಲೇ ತೀರ್ಮಾನವಾಗಿತ್ತು. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಎಂಬ ಗಲ್ಲಿನ ಕೈದಿಯ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಈ ಕಲಮನ್ನು ವಿವರಿಸಿತು. ಸೆಷನ್ಸ್ ನ್ಯಾಯಾಲಯ ಗಲ್ಲು ಎಂದರೂ ಹೈಕೋರ್ಟಿನ ದೃಢೀಕರಣ ಬಾಕಿ ಇದೆ. ದೃಢವಾದರೂ ಸುಪ್ರೀಂ ಕೋರ್ಟ್ ಬಾಕಿ ಇದೆ. ಅಲ್ಲಿ ಸೋತರೂ ರಾಜ್ಯಪಾಲರು, ರಾಷ್ಟ್ರಪತಿ ಬಾಕಿ ಇದ್ದಾರೆ. ಇವೆಲ್ಲ ಮುಗಿದು, ಇನ್ನು ಯಾವ ಕಾನೂನು ಪ್ರಕ್ರಿಯೆಯಿಂದಲೂ ತಪ್ಪದು ಎಂದಾದಾಗ ಮಾತ್ರ ಒಬ್ಬನು ಮರಣದಂಡನೆಗೆ ಗುರಿಯಾದ ಕೈದಿ. ಅಲ್ಲಿಯವರೆಗೆ ಅವನನ್ನು ಉಳಿದ ಕೈದಿಗಳಿಂದ ಕಡಿದು ಏಕಾಂತಕ್ಕೆ ತಳ್ಳುವ ಅಧಿಕಾರ ಜೈಲಿನವರಿಗಿಲ್ಲ. ಏಕಾಂತ ಸೆರೆವಾಸ ಪ್ರತ್ಯೇಕ ಶಿಕ್ಷೆಯೇ ಹೌದು. ಅದನ್ನು ನ್ಯಾಯಾಲಯ ಮಾತ್ರ ವಿಧಿಸಬಹುದು. ದಂಡ ಸಂಹಿತೆಯಂತೆ ಅದು ಒಟ್ಟು ಮೂರು ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ 14 ದಿನ ದಾಟುವಂತಿಲ್ಲ.

ಒಟ್ಟು ಮೂರು ತಿಂಗಳ ಮಿತಿ ಎಲ್ಲಿ, ಹತ್ತು ವರ್ಷ ಎಲ್ಲಿ? ರಾಷ್ಟ್ರಪತಿಗಳ ತಿರಸ್ಕಾರ 2013ರಲ್ಲಿ ಬಂತು. ಅದಕ್ಕೆ ಮುಂಚಿನ ಆರು ವರ್ಷಕ್ಕೂ ಹೆಚ್ಚಿನ ಕಾಲ ಹಿಂಡಲಗಾದಲ್ಲಿ ಆ ಕೈದಿ ಅನುಭವಿಸಿದ್ದು ಯಾವ ನ್ಯಾಯಾಲಯವೂ ಕೊಡದ ಶಿಕ್ಷೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಾದವನ್ನು ಒಪ್ಪದೆ ಅರ್ಜಿ ವಜಾ ಮಾಡಿತು. ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರ ನೇತೃತ್ವದ ಪೀಠ ಒಪ್ಪಿತು. ಏಕಾಂತವಾಸ ಅವನ ಆರೋಗ್ಯ ಕೆಡಿಸಿದೆ, ಅದು ಸುನಿಲ್ ಬಾತ್ರಾ ತೀರ್ಪಿಗೆ ವಿರುದ್ಧವಾಗಿ ನಡೆದಿದೆ ಎಂದು ಹೇಳಿ ಗಲ್ಲನ್ನು ಜೀವಾವಧಿಗೆ ಇಳಿಸಿತು. ಕನಿಷ್ಠ 30 ವರ್ಷ ಜೈಲಿನಲ್ಲಿ ಕಳೆಯಬೇಕು, ಆಮೇಲಷ್ಟೇ ಬಿಡುಗಡೆಯ ಅರ್ಜಿ ಪರಿಶೀಲನೆಗೆ ಅರ್ಹ, ಅದು ತಿರಸ್ಕೃತವಾದರೆ ಉಳಿದ ಬದುಕೆಲ್ಲ ಅಲ್ಲೇ ಎಂಬ ಷರತ್ತೂ ಇತ್ತು.

ತಾಯಿಯನ್ನು ಕಳೆದುಕೊಂಡ ಆ ಹುಡುಗ ಈ ಹೊತ್ತಿಗೆ ಮೂವತ್ತು ದಾಟಿದ್ದ. ಅವನ ದೃಷ್ಟಿಯಿಂದ ನೋಡಿದರೆ ಈ 24 ವರ್ಷಗಳ ಓಡಾಟಕ್ಕೆ ಏನು ಅರ್ಥ ಎಂದು ಕೇಳುವವರ ಪ್ರಶ್ನೆ ನನಗೂ ಭಾರವೇ. ಆದರೆ ಅವನಿಗೆ ಆದ ಅನ್ಯಾಯದ ಒಂದು ಪಾಲು ಜೈಲಿನ ಆಡಳಿತದ್ದು ಎಂಬುದನ್ನು ಹೇಳದೆ ಇರಲಾಗದು. 1978ರ ತೀರ್ಪನ್ನು ಓದಿ ಪಾಲಿಸಿದ್ದರೆ 2022ರ ಈ ವಾದವೇ ಹುಟ್ಟುತ್ತಿರಲಿಲ್ಲ. ನ್ಯಾಯಾಲಯ ದಯೆ ತೋರಿತು ಎಂದು ಬೈಯುವಾಗ, ಆ ದಯೆಗೆ ಕಾರಣ ಒದಗಿಸಿದ್ದು ಯಾರು ಎಂದೂ ಕೇಳಬೇಕು.

ಈಗಿನ ಕಾನೂನಿನಲ್ಲಿ

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಕಲಮು ಕ್ಷಮಾದಾನಕ್ಕೆ ಮೊದಲ ಬಾರಿಗೆ ಗಡುವು ಹಾಕಿದೆ. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ವಜಾ ಆದದ್ದನ್ನು ಜೈಲಿನ ಸೂಪರಿಂಟೆಂಡೆಂಟ್ ತಿಳಿಸಿದ ದಿನದಿಂದ, ಅಥವಾ ಹೈಕೋರ್ಟಿನ ದೃಢೀಕರಣದ ನಂತರ ಮುಂದಿನ ಮೇಲ್ಮನವಿಯ ಅವಧಿ ಮುಗಿದ ದಿನದಿಂದ, 30 ದಿನದೊಳಗೆ ಕೈದಿಯಾಗಲಿ ಅವನ ಮನೆಯವರಾಗಲಿ ಅರ್ಜಿ ಹಾಕಬೇಕು. ಮೊದಲು ರಾಜ್ಯಪಾಲರಿಗೆ ಹಾಕಿದ್ದರೆ, ಅವರು ತಿರಸ್ಕರಿಸಿದ 60 ದಿನದೊಳಗೆ ರಾಷ್ಟ್ರಪತಿಗಳಿಗೆ ಹಾಕಬೇಕು. ಕೇಂದ್ರ ಸರ್ಕಾರ ರಾಜ್ಯದ ಅಭಿಪ್ರಾಯ ಪಡೆದು 60 ದಿನದಲ್ಲಿ ಶಿಫಾರಸು ಕಳುಹಿಸಬೇಕು. ರಾಷ್ಟ್ರಪತಿಗಳಿಗೆ ಮಾತ್ರ ಗಡುವಿಲ್ಲ. ಅವರ ಆದೇಶವೇ ಅಂತಿಮ, ಅದರ ವಿರುದ್ಧ ಯಾವ ನ್ಯಾಯಾಲಯಕ್ಕೂ ಮೇಲ್ಮನವಿ ಇಲ್ಲ ಎಂದೂ ಕಲಮು ಹೇಳುತ್ತದೆ. ಪಾಲಾರ್ ನಾಲ್ವರನ್ನೂ ಉಮೇಶನನ್ನೂ ಉಳಿಸಿದ್ದು ತಿರಸ್ಕಾರದ ನಂತರದ ನ್ಯಾಯಾಲಯದ ಪರಿಶೀಲನೆಯೇ. ಆ ಅಧಿಕಾರ ಸಂವಿಧಾನದಿಂದ ಬಂದದ್ದು. ಸಾಮಾನ್ಯ ಕಾಯ್ದೆಯೊಂದು ಅದನ್ನು ಕಸಿಯಲಾರದು ಎಂದೇ ನಾನು ತಿಳಿದಿದ್ದೇನೆ.

ಸರ್ಕಾರದ ಮೇಜಿಗೆ ಗಡುವು ಬಂದದ್ದು ಒಳ್ಳೆಯದೇ. ಕೈದಿಯ ಕಡೆಗೆ ಮಾತ್ರ ಆ 30 ದಿನ ಬಹಳ ಬಿಗಿ. ಕೈದಿ ಬೆಳಗಾವಿಯಲ್ಲಿರುತ್ತಾನೆ, ಮನೆಯವರು ಚಾಮರಾಜನಗರದಲ್ಲೋ ಬೀದರಿನಲ್ಲೋ ಕೂಲಿ ಮಾಡುತ್ತಿರುತ್ತಾರೆ. ಸುಪ್ರೀಂ ಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿರುತ್ತದೆ. ಅರ್ಜಿಯ ಜೊತೆ ಬರೀ ಕರುಣೆಯ ಮಾತಿದ್ದರೆ ಗೃಹ ಸಚಿವಾಲಯದಲ್ಲಿ ಅದು ನಿಲ್ಲದು. ಜೈಲಿನ ಆಸ್ಪತ್ರೆಯ ಕಡತ, ನಡತೆಯ ದಾಖಲೆ, ಕೈದಿಯನ್ನು ಎಂದಿನಿಂದ ಎಂದಿನವರೆಗೆ ಯಾವ ಸೆಲ್ಲಿನಲ್ಲಿ ಇಟ್ಟಿದ್ದರು ಎಂಬ ಜೈಲಿನ ರಿಜಿಸ್ಟರಿನ ನಕಲು, ಹೈಕೋರ್ಟಿನಲ್ಲಿ ಭಿನ್ನಮತ ಬಂದಿದ್ದರೆ ಆ ತೀರ್ಪಿನ ಪ್ರತಿ ಬೇಕು. ಇವನ್ನೆಲ್ಲ ಕೇಳಿ ಪಡೆಯುವುದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ನೆರವು ಉಚಿತವಾಗಿ ಸಿಗುತ್ತದೆ. ಸುಪ್ರೀಂ ಕೋರ್ಟಿನ ತೀರ್ಪಿಗೆ ಕಾಯದೆ, ಹೈಕೋರ್ಟ್ ದೃಢಪಡಿಸಿದ ದಿನವೇ ಈ ಕಾಗದಗಳಿಗೆ ಅರ್ಜಿ ಕೊಡಲು ಶುರು ಮಾಡಿದರೆ ಆ ತಿಂಗಳು ಹೇಗೋ ಸಾಲುತ್ತದೆ.